‘ಇವರಿಗೆ ಮೊಬೈಲ್ ರೇಟ್ ಬೇಕಂತೆ’

ಗ್ರಾಮಿಗೆ ಮೂವತ್ತು ರೂಪಾಯಿ ನನಗೆ ದೊಡ್ಡ ವಿಷಯವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿನ್ನೆಯಿಂದ ನನ್ನಾಕೆಯೂ ಬಾವನವರೂ ಕೊನೆಗೆ ಮನೆಗೆ ಬಂದ ಹಾಲಿನವನೂ ಅದನ್ನೇ ಕೇಳಿದ್ದಾರೆ. ಮೂವತ್ತು ರೂಪಾಯಿ ದೊಡ್ಡದಲ್ಲ. ಆದರೆ ಒಂದೇ ದಿನ, ಒಂದೇ ಬೀದಿಯಲ್ಲಿ, ನೂರು ಹೆಜ್ಜೆ ಅಂತರದ ಎರಡು ಅಂಗಡಿಗಳ ಬೋರ್ಡಿನಲ್ಲಿ ಒಂದೇ 22 ಕ್ಯಾರೆಟ್ ಚಿನ್ನಕ್ಕೆ ಎರಡು ದರ ಏಕೆ ಎಂದು ಕೇಳಿದ ತಪ್ಪಿಗೆ ಮನುಷ್ಯನೊಬ್ಬನನ್ನು ಹಾಗೆ ನಿಲ್ಲಿಸಬಹುದೇ?

ಸೊಸೆಯ ಮದುವೆಗೆ ಸೋದರಮಾವನ ಲೆಕ್ಕದಲ್ಲಿ ಎರಡು ಪವನಿನ ಚೈನು ಕೊಡುವುದೆಂದು ತೀರ್ಮಾನವಾಗಿತ್ತು. ಎರಡು ಪವನೆಂದರೆ 16 ಗ್ರಾಂ. ಮಂಗಳೂರಿನ ಆ ಅಂಗಡಿಯ ಬೋರ್ಡಿನಲ್ಲಿ 22 ಕ್ಯಾರೆಟಿಗೆ ಗ್ರಾಮಿನ ದರ 9,015 ಎಂದಿತ್ತು. ನನ್ನ ಮೊಬೈಲಿನಲ್ಲಿ 8,990 ಎಂದಿತ್ತು. ಬಸ್ಸಿಳಿದು ಬರುವಾಗ ದಾರಿಯಲ್ಲಿ ಕಂಡ ಇನ್ನೊಂದು ಅಂಗಡಿಯ ಬೋರ್ಡಿನಲ್ಲಿ 8,985 ಎಂದು ನಾನೇ ಕಣ್ಣಾರೆ ಓದಿದ್ದೆ. ಚೈನನ್ನು ಆರಿಸಿ, ತೂಕ ಮಾಡಿಸಿ, ಎಸ್ಟಿಮೇಟ್ ಚೀಟಿಯೂ ಕೈಗೆ ಬಂದ ಮೇಲೆ ನಾನು ತೀರಾ ಮೆಲ್ಲಗೆ, ಬೇರೆಯವರಿಗೆ ಕೇಳಿಸದ ಹಾಗೆ, ‘ಇದು ಹೇಗೆ ವ್ಯತ್ಯಾಸ?’ ಎಂದು ಕೇಳಿದೆ.

ಆ ಹುಡುಗ ನನಗೆ ಉತ್ತರ ಕೊಡಲಿಲ್ಲ. ತಲೆಯೆತ್ತಿ, ಆ ಬದಿಯ ಕ್ಯಾಶ್ ಕೌಂಟರಿನಲ್ಲಿ ಕೂತಿದ್ದವರಿಗೆ ಕೇಳುವಂತೆ, ‘ಸರ್, ಇವರಿಗೆ ಮೊಬೈಲ್ ರೇಟ್ ಬೇಕಂತೆ’ ಎಂದ. ಅಂಗಡಿಯಲ್ಲಿ ಕಡಿಮೆಯೆಂದರೂ ಹದಿನೈದು ಮಂದಿ ಇದ್ದರು. ಕರಿಮಣಿ ನೋಡುತ್ತಿದ್ದ ಹೆಂಗಸರು ನೋಡುವುದನ್ನು ಬಿಟ್ಟು ನನ್ನನ್ನು ನೋಡಿದರು. ಕ್ಯಾಶಿನವರು ಕುಳಿತಲ್ಲಿಂದಲೇ, ‘ಅಲ್ಲಿ ಕಡಿಮೆ ಉಂಟಾದ್ರೆ ಅಲ್ಲೇ ತಗೊಳ್ಳಿ ಸರ್. ನಮ್ದು ಸಾಗಾಟದ ಖರ್ಚೆಲ್ಲ ಇರ್ತದೆ’ ಎಂದು ನಕ್ಕರು. ಆಗಲೇ ಪಕ್ಕದ ಕೌಂಟರಿನಿಂದ ‘ನಮಸ್ಕಾರ ಮಾಸ್ಟ್ರೇ’ ಎಂಬ ಧ್ವನಿ ಕೇಳಿಸಿತು. ಐದಾರು ವರ್ಷದ ಹಿಂದೆ ನಾನೇ ಹತ್ತನೆಯ ತರಗತಿಯಲ್ಲಿ ಗಣಿತ ಕಲಿಸಿದ ಹುಡುಗಿ, ಮದುವೆಯಾಗುವ ಹುಡುಗನೊಂದಿಗೆ ನಿಂತು ಉಂಗುರ ನೋಡುತ್ತಿದ್ದಳು. ಅವಳು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಚೈನನ್ನು ಟ್ರೇಯಲ್ಲಿಟ್ಟು, ಚೀಟಿಯನ್ನು ಜೇಬಿಗೆ ಹಾಕಿಕೊಂಡು, ಚಪ್ಪಲಿ ಹುಡುಕುವಷ್ಟರಲ್ಲಿ ನನ್ನ ಕಿವಿಯೆಲ್ಲ ಬಿಸಿಯಾಗಿತ್ತು. ಹೊರಗಿನ ಬಿಸಿಲು ಅದಕ್ಕಿಂತ ತಂಪಾಗಿತ್ತು.

ಸಾಗಾಟದ ಖರ್ಚಂತೆ! ರಾತ್ರಿ ನಿದ್ದೆ ಬಾರದೆ ಅದನ್ನೂ ಲೆಕ್ಕ ಹಾಕಿದೆ. ಹತ್ತು ಕಿಲೋ ಗಟ್ಟಿ ಚಿನ್ನವನ್ನು ಕಾವಲು, ವಿಮೆ ಎಲ್ಲ ಸೇರಿಸಿ ಮುಂಬಯಿಯಿಂದಲೋ ಬೆಂಗಳೂರಿನಿಂದಲೋ ತರಿಸಲು ಇಪ್ಪತ್ತು ಸಾವಿರ ರೂಪಾಯಿ ಬಿತ್ತೆಂದೇ ಇಟ್ಟುಕೊಳ್ಳೋಣ. ಹತ್ತು ಕಿಲೋ ಎಂದರೆ ಹತ್ತು ಸಾವಿರ ಗ್ರಾಂ, ಗ್ರಾಮಿಗೆ ಎರಡು ರೂಪಾಯಿ ಆಯಿತು. ಊರಿಂದೂರಿಗೆ ಒಂದೆರಡು ರೂಪಾಯಿಯ ಅಂತರಕ್ಕೆ ಈ ಕಾರಣ ಸಾಕಾದೀತು, ಮೂವತ್ತಕ್ಕೆ ಸಾಲದು. ಅದಿರಲಿ, ನೂರು ಹೆಜ್ಜೆ ಆಚೆಯ ಅಂಗಡಿಗೆ ಚಿನ್ನ ಸಾಗಾಟವಿಲ್ಲದೆ ಹಾರಿ ಬರುತ್ತದೆಯೇ?

ಬಾವನವರದು ಇನ್ನೊಂದು ವಾದ. ‘ಕಾಸರಗೋಡಿಗೆ ಹೋಗಬೇಕಿತ್ತು ಮಾರಾಯ್ರೆ, ಅಲ್ಲಿ ಟ್ಯಾಕ್ಸ್ ಬೇರೆ’ ಎಂದರು. ಈ ಮಾತನ್ನು ನಮ್ಮ ಕಡೆ ಇವತ್ತಿಗೂ ಎಲ್ಲರೂ ಹೇಳುತ್ತಾರೆ. 2017ರ ಜುಲೈ 1ರ ಮೊದಲು ಪ್ರತಿ ರಾಜ್ಯಕ್ಕೂ ಅದರದೇ ವ್ಯಾಟ್ ಇತ್ತು, ಆಗ ಅದು ನಿಜವೇ ಆಗಿತ್ತು. ಜಿಎಸ್‌ಟಿ ಬಂದ ಮೇಲೆ ಚಿನ್ನಕ್ಕೆ ಎಲ್ಲೆಡೆಯೂ ಶೇ 3. ಆಮದು ಸುಂಕವಂತೂ ಯಾವ ಬಂದರಿನಲ್ಲಿ ಇಳಿಸಿದರೂ ಒಂದೇ. 2024ರ ಜುಲೈಯಲ್ಲಿ ಅದನ್ನು ಶೇ 15ರಿಂದ 6ಕ್ಕೆ ಇಳಿಸಿದಾಗ ಇಡೀ ದೇಶದಲ್ಲಿ ಒಟ್ಟಿಗೆ ಇಳಿಯಿತು. ಜಿಎಸ್‌ಟಿ ಬಂದ ಮೇಲೆ ಕಾಸರಗೋಡಿನ ತೆರಿಗೆ ಬೇರೆಯಾಗಿದ್ದದ್ದು 2019ರ ಆಗಸ್ಟಿನಿಂದ 2021ರ ಜುಲೈವರೆಗೆ ಮಾತ್ರ. ಆಗ ಕೇರಳ ಸರಕಾರ ನೆರೆ ಪರಿಹಾರದ ಸೆಸ್ ಎಂದು ಚಿನ್ನದ ಮೇಲೆ ಕಾಲು ಶೇಕಡಾ ಹಾಕಿತ್ತು. ಅಂದರೆ ಅಲ್ಲಿ ಹೆಚ್ಚಿತ್ತು, ಕಡಿಮೆ ಇರಲಿಲ್ಲ. ಬಾವನವರಿಗೆ ಇದನ್ನು ಹೇಳಿದೆ. ಅವರು ಕಾಫಿ ಕುಡಿದು ಹೋದರು.

ಹಾಗಾದರೆ ಎರಡು ದರ ಎಲ್ಲಿಂದ ಬಂತು? ರಾತ್ರಿ ಒಂಬತ್ತಕ್ಕೆ ಉಡುಪಿಯ ಪರಿಚಯದ ಆಚಾರ್ಯರಿಗೆ ಫೋನು ಮಾಡಿದೆ. ನಮ್ಮ ಮನೆಯ ಮೂರು ಮದುವೆಗಳ ಬಂಗಾರದ ಕೆಲಸ ಮಾಡಿದವರು ಅವರು. ಚಿನ್ನಕ್ಕೆ ಸರಕಾರ ದರ ಕಟ್ಟುವುದೇ ಇಲ್ಲ ಎಂಬಲ್ಲಿಂದ ಅವರು ಶುರು ಮಾಡಿದರು. ಲಂಡನ್ನಿನಲ್ಲಿ ದಿನಕ್ಕೆ ಎರಡು ಸಲ ಡಾಲರಿನಲ್ಲಿ ಔನ್ಸಿನ ದರ ನಿಗದಿಯಾಗುತ್ತದೆ. ಅದನ್ನು ರೂಪಾಯಿಗೆ ತಿರುಗಿಸಿ ಸುಂಕ ಸೇರಿಸಿದರೆ ಒಂದು ಅಂದಾಜು ಸಿಗುತ್ತದೆ. ಮುಂಬಯಿಯ ಬುಲಿಯನ್, ಅಂದರೆ ಗಟ್ಟಿ ಚಿನ್ನದ, ವ್ಯಾಪಾರಿಗಳ ಸಂಘ ಬೆಳಿಗ್ಗೆ ಒಂದು, ಸಂಜೆ ಒಂದು ದರ ಪ್ರಕಟಿಸುತ್ತದೆ. ಅದರ ಮೇಲೆ ಆಯಾ ಊರಿನ ಬುಲಿಯನ್ ವ್ಯಾಪಾರಿ ಬೇಡಿಕೆ ಇದ್ದರೆ ನಾಲ್ಕು ಕಾಸು ಏರಿಸುತ್ತಾನೆ, ಮಾಲು ಹೋಗದಿದ್ದರೆ ಇಳಿಸುತ್ತಾನೆ. ಊರೂರಿನ ಚಿನ್ನದ ವ್ಯಾಪಾರಿಗಳ ಸಂಘ ಇದನ್ನೆಲ್ಲ ನೋಡಿಕೊಂಡು ದಿನದ ದರ ಹೇಳುತ್ತದೆ, ಆದರೆ ಅದೇ ದರಕ್ಕೆ ಮಾರಬೇಕೆಂಬ ಕಾನೂನು ಇಲ್ಲ. ಚೆನ್ನೈಯ ದರ, ಮುಂಬಯಿಯ ದರ, ನಮ್ಮ ದರ ಎಂದು ಪತ್ರಿಕೆಯಲ್ಲಿ ಬರುವ ವ್ಯತ್ಯಾಸ ಇಷ್ಟೇ.

‘ಎರಡೂ ಬೋರ್ಡಿನಲ್ಲಿ 24 ಕ್ಯಾರೆಟಿನ ದರವೂ ಇತ್ತಲ್ಲ, ಅದೆಷ್ಟಿತ್ತು ಮಾಸ್ಟ್ರೇ?’ ಎಂದು ಅವರು ಕೇಳಿದಾಗ ನನಗೆ ನೆನಪಾಯಿತು. ಮೊದಲಿನ ಅಂಗಡಿಯಲ್ಲಿ 9,835, ಎರಡನೆಯದರಲ್ಲಿ 9,810. ‘ಹಾಗಾದರೆ ಮೊದಲಿನವರು ಬೆಳಿಗ್ಗೆ ಬರೆದ ದರವನ್ನೇ ಇಟ್ಟುಕೊಂಡಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಮಾರ್ಕೆಟ್ ಸ್ವಲ್ಪ ಬಿದ್ದಿತ್ತು, ಎರಡನೆಯವರು ಒರೆಸಿ ಹೊಸತು ಬರೆದಿದ್ದಾರೆ’ ಎಂದರು. ಅದು 24 ಕ್ಯಾರೆಟಿನ ಇಪ್ಪತ್ತೈದು ರೂಪಾಯಿ. 22 ಕ್ಯಾರೆಟಿಗೆ ಇಳಿಸಿದರೆ ಸುಮಾರು ಇಪ್ಪತ್ತಮೂರು. ಉಳಿದ ಏಳು? ಅದು ನಾಚಿಕೆಯಾಗುವಷ್ಟು ಸಣ್ಣ ಗಣಿತ. ಮೊದಲಿನವರು 24 ಕ್ಯಾರೆಟಿನ ದರವನ್ನು 22ರಿಂದ ಗುಣಿಸಿ 24ರಿಂದ ಭಾಗಿಸಿದ್ದಾರೆ, 9,015 ಬಂತು. ಎರಡನೆಯವರು ಹಾಲ್‌ಮಾರ್ಕಿನ 916 ಎಂಬ ಅಂಕೆಯನ್ನೇ ಹಿಡಿದು 9,810ನ್ನು 0.916ರಿಂದ ಗುಣಿಸಿದ್ದಾರೆ, ಪೈಸೆ ಬಿಟ್ಟು 8,985 ಬಂತು. ಮೊದಲಿನ ಕ್ರಮದಲ್ಲೇ ಹಾಕಿದ್ದರೆ ಎರಡನೆಯವರಿಗೆ 8,992 ರೂಪಾಯಿ 50 ಪೈಸೆ ಬರುತ್ತಿತ್ತು. ನೂರಕ್ಕೆ 91.67 ಎನ್ನುವುದಕ್ಕೂ 91.6 ಎನ್ನುವುದಕ್ಕೂ ನಡುವೆ ಗ್ರಾಮಿಗೆ ಆರೂವರೆ ರೂಪಾಯಿ. ಮೂವತ್ತೂ ಪೂರ್ತಿ ಅಲ್ಲೇ ಬೋರ್ಡಿನ ಮೇಲಿತ್ತು. ಇಪ್ಪತ್ತೆಂಟು ವರ್ಷ ದಶಮಾಂಶ ಕಲಿಸಿದವನು ಅದರ ಕೆಳಗೆ ನಿಂತು ಸೇಲ್ಸ್ ಹುಡುಗನ ಹತ್ತಿರ ವಿವರಣೆ ಕೇಳುತ್ತಿದ್ದೆ.

ಹೋಗಲಿ, ಅವರು ಕಳ್ಳರಲ್ಲ ಎಂದು ಒಪ್ಪಿದೆ. ಆದರೂ ‘ನಮ್ಮದು ಬೆಳಗ್ಗಿನ ದರ ಸರ್’ ಎಂಬ ನಾಲ್ಕು ಪದವನ್ನು ಹೇಳಲು ಬಾಯಿಗೆ ಏನಾಗಿತ್ತು? ದರದ ಪಕ್ಕದಲ್ಲಿ ಅದನ್ನು ಬರೆದ ಹೊತ್ತನ್ನೂ ಬರೆಯಲು ಏನು ಖರ್ಚು? ಬಸ್‌ಸ್ಟ್ಯಾಂಡಿನ ಬೋರ್ಡಿನಲ್ಲಿ ಬಸ್ಸು ಬರುವ ಹೊತ್ತು ಇರುತ್ತದೆ, ಒಂದೂವರೆ ಲಕ್ಷದ ವ್ಯಾಪಾರದ ಬೋರ್ಡಿನಲ್ಲಿ ತಾರೀಕು ಮಾತ್ರ ಏಕೆ? ಚಿನ್ನದಂಗಡಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಉತ್ತರಿಸಿ. ಯಾರೂ ಉತ್ತರಿಸುವುದಿಲ್ಲ ಎಂದು ನನಗೆ ಗೊತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸಿಟ್ಟಿನಲ್ಲಿ ಹೊರಬಿದ್ದವನು ನೇರವಾಗಿ 8,985ರ ಅಂಗಡಿಗೆ ನಡೆದೆ. ಅಲ್ಲಿ ಕುಳ್ಳಿರಿಸಿದರು, ಜ್ಯೂಸು ಕೊಟ್ಟರು, ‘ಸರ್’ ಎಂದು ಹತ್ತು ಸಲ ಕರೆದರು. ಅದೇ ನಮೂನೆಯ ಮೆಷಿನ್ ಚೈನು, ಅದೇ 16 ಗ್ರಾಂ. ಗೆದ್ದೆನೆಂಬ ಸಂತೋಷದಲ್ಲಿ ನಾನು ಬೇರೇನನ್ನೂ ಕೇಳಲಿಲ್ಲ, ಕಾರ್ಡು ಕೊಟ್ಟೆ. ಆಚಾರ್ಯರ ಕೊನೆಯ ಪ್ರಶ್ನೆ ‘ಮಜೂರಿ ಎಷ್ಟು ಹಾಕಿದ್ದಾರೆ?’ ಎಂದಿತ್ತು. ಬಿಲ್ಲನ್ನು ತೆರೆದರೆ ‘ವಿ.ಎ.’ ಎಂದು ಎರಡಕ್ಷರದ ಮುಂದೆ ಶೇ 12 ಎಂದಿತ್ತು. ವ್ಯಾಲ್ಯೂ ಅಡಿಶನ್ ಅಂತೆ. ಮಜೂರಿ, ವೇಸ್ಟೇಜು ಎಲ್ಲ ಅದರ ಹೊಟ್ಟೆಯಲ್ಲಿ. ಜೇಬಿನಲ್ಲಿ ಮುದುಡಿ ಉಳಿದಿದ್ದ ಮೊದಲಿನ ಅಂಗಡಿಯ ಚೀಟಿಯಲ್ಲಿ ಅದು ಶೇ 8 ಇತ್ತು.

ಲೆಕ್ಕ ಹೀಗಾಗುತ್ತದೆ. ಮೊದಲಿನ ಅಂಗಡಿಯಲ್ಲಿ ಚಿನ್ನಕ್ಕೆ 1,44,240, ಅದರ ಮೇಲೆ ಮಜೂರಿ 11,539, ಎರಡರ ಮೊತ್ತಕ್ಕೆ ಶೇ 3ರ ಜಿಎಸ್‌ಟಿ ಸೇರಿ ಸುಮಾರು 1,60,453 ರೂಪಾಯಿ. ಎರಡನೆಯದರಲ್ಲಿ ಚಿನ್ನಕ್ಕೆ 1,43,760, ಮಜೂರಿ 17,251, ಜಿಎಸ್‌ಟಿ ಸೇರಿ ಸುಮಾರು 1,65,842. ಹಾಲ್‌ಮಾರ್ಕಿನ ಸಣ್ಣ ಮೊತ್ತವನ್ನು ಎರಡರಲ್ಲೂ ಬಿಟ್ಟಿದ್ದೇನೆ. ಅಂದರೆ ಬೋರ್ಡಿನ ಮೇಲೆ 480 ರೂಪಾಯಿ ಉಳಿಸಲು ಹದಿನೈದು ಜನರ ಮುಂದೆ ಮರ್ಯಾದೆ ಕಳೆದುಕೊಂಡು, ಬಿಸಿಲಲ್ಲಿ ನಡೆದು ಹೋಗಿ, 5,389 ರೂಪಾಯಿ ಹೆಚ್ಚು ಕೊಟ್ಟು ಬಂದಿದ್ದೇನೆ. ಜ್ಯೂಸು ತುಂಬ ದುಬಾರಿಯಾಯಿತು.

‘ಬೋರ್ಡಿನ ದರವನ್ನು ಯಾರೂ ಹೆಚ್ಚು ಎಳೆಯಲಿಕ್ಕೆ ಆಗುವುದಿಲ್ಲ ಮಾಸ್ಟ್ರೇ, ಎಲ್ಲರಿಗೂ ಕಾಣುತ್ತದಲ್ಲ’ ಎಂದರು ಆಚಾರ್ಯರು. ಎಳೆಯುವುದೆಲ್ಲ ಕಾಣದ ಕಡೆಯಲ್ಲಿ. ಪವನಿನ ಲೆಕ್ಕದಲ್ಲಿ ಬೋರ್ಡಿನ ಅಂತರ 240 ರೂಪಾಯಿ, ಮಜೂರಿಯ ಅಂತರ 2,800ಕ್ಕಿಂತ ಹೆಚ್ಚು. ಹಳೆಯ ಬಂಗಾರ ಬದಲಿಸಲು ಹೋದವನಿಗಾದರೆ ಬೋರ್ಡಿನ ದರ ಹೆಚ್ಚಿದ್ದಷ್ಟು ಲಾಭ, ಅವರು ಅದೇ ದರಕ್ಕೆ ಹಿಡಿದುಕೊಳ್ಳುವುದಾದರೆ. ಅದನ್ನೂ ನಾನು ಕೇಳಿಕೊಂಡಿರಲಿಲ್ಲ. ಅಮ್ಮನ ಮುರಿದ ಓಲೆ ಚೀಲದಲ್ಲೇ ಇತ್ತು.

ಬಿಲ್ಲನ್ನು ಹಿಡಿದು ನಾಳೆ ಹೋಗಿ ಕೇಳಬೇಕೆಂದು ಮಾಡಿದ್ದೇನೆ. ಏನೆಂದು ಕೇಳುವುದು? ಶೇ 12 ಎಂದು ಸ್ಪಷ್ಟವಾಗಿ ಅಚ್ಚಾಗಿದೆ, ಕೆಳಗೆ ನನ್ನದೇ ಸಹಿ ಇದೆ. ಹೋಗುವುದಿಲ್ಲ.

ಈಗಷ್ಟೇ ತಂಗಿಯ ಫೋನು ಬಂದಿತ್ತು. ‘ಅಣ್ಣಾ, ಗ್ರಾಮಿಗೆ ಎಷ್ಟು ಬಿತ್ತು?’ ಎಂದು ಕೇಳಿದಳು. 8,985 ಎಂದೆ. ‘ಹೌದಾ! ನಮಗೆ ನಿನ್ನೆ 9,015 ಹಾಕಿದ್ರು. ನಿನಗೆ ಒಳ್ಳೆ ಕಡಿಮೆಗೆ ಸಿಕ್ಕಿತು ಮಾರಾಯ’ ಎಂದಳು. ಯಾವ ಅಂಗಡಿಯೆಂದು ಕೇಳುವ ಮೊದಲೇ ಫೋನಿಟ್ಟೆ.