ನಾಲ್ಕು ಸಾಲಿನ ಮೆಸೇಜು, ಆರು ವಾರದ ಮೀಟಿಂಗು

ಸೋಮವಾರ ಬೆಳಿಗ್ಗೆ ಹತ್ತೂವರೆ. ಎರಡನೇ ಕಾಫಿಗೆ ಇನ್ನೂ ಯಾರೂ ಎದ್ದಿರಲಿಲ್ಲ. ನಮ್ಮ ಟೀಮಿನ ಗ್ರೂಪಿಗೆ ಒಂದು ಮೆಸೇಜು ಬಿತ್ತು. ಹಾಕಿದವಳು ಕೆಲಸಕ್ಕೆ ಸೇರಿ ಮೂರು ತಿಂಗಳೂ ಆಗದ ಹೊಸ ಹುಡುಗಿ. ಹಳಬರು ಇಂಥ ತಪ್ಪು ಮಾಡುವುದಿಲ್ಲ.

"ನಮ್ಮ ಸ್ಕ್ರೀನುಗಳಲ್ಲಿ ಮಾರ್ಜಿನ್, ಪ್ಯಾಡಿಂಗ್ ಒಂದೊಂದು ಕಡೆ ಒಂದೊಂದು ಥರ ಇದೆ. ಇನ್ನುಮುಂದೆ 4, 8, 12, 16, 24, 32, 48, 64 ಈ ಎಂಟು ಅಳತೆ ಮಾತ್ರ ಬಳಸೋಣವೇ? ಹಳೆಯದನ್ನೆಲ್ಲ ಒಂದೇ ಸಲ ಬದಲಿಸೋದು ಬೇಡ, ಕೈ ಹಾಕಿದ ಫೈಲನ್ನು ಮಾತ್ರ ಸರಿಮಾಡುತ್ತಾ ಹೋಗೋಣ. ಆಕ್ಷೇಪ ಇದ್ದರೆ ಸಂಜೆಯೊಳಗೆ ಹೇಳಿ."

ಯಾವತ್ತಿನ ಸಂಜೆ ಅಂತ ಅವಳು ಬರೆದಿರಲಿಲ್ಲ. ಎಡವಿದ್ದು ಅಲ್ಲೇ. ಆ ಸಂಜೆ ಬರುವಷ್ಟರಲ್ಲಿ ಆರು ವಾರ ಕಳೆದಿತ್ತು.

ಈ ಕಸುಬಿನವರಲ್ಲದವರಿಗೆ ಒಂದು ಮಾತು. ಸ್ಕ್ರೀನಿನ ಮೇಲಿರುವ ಪ್ರತಿಯೊಂದು ಡಬ್ಬಿಯೂ ಒಂದು ಸೈಟಿದ್ದ ಹಾಗೆ. ಒಳಗಿನ ಅಕ್ಷರವೇ ಮನೆ. ಮನೆಯ ಗೋಡೆಯಿಂದ ಕಾಂಪೌಂಡಿನವರೆಗೆ ಬಿಟ್ಟ ಜಾಗ ಪ್ಯಾಡಿಂಗ್. ಕಾಂಪೌಂಡಿನಾಚೆ, ಪಕ್ಕದವರ ಕಾಂಪೌಂಡಿನವರೆಗೆ ಇರುವುದು ಮಾರ್ಜಿನ್. ಬೆಂಗಳೂರಿನಲ್ಲಿ ಮೂವತ್ತು ನಲವತ್ತರ ಸೈಟು ಕಂಡವರಿಗೆ ಮುಂದಿನ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ನಕ್ಷೆಯಲ್ಲಿ ಎಲ್ಲರೂ ಜಾಗ ಬಿಟ್ಟಿರುತ್ತಾರೆ, ನೆಲದ ಮೇಲೆ ಯಾರೂ ಬಿಟ್ಟಿರುವುದಿಲ್ಲ. ಬ್ರೌಸರಿಗೂ ಈ ಬುದ್ಧಿ ಇದೆ. ಒಂದರ ಕೆಳಗೊಂದು ಎರಡು ಡಬ್ಬಿ ಇಟ್ಟು, ಮೇಲಿನದಕ್ಕೆ 24, ಕೆಳಗಿನದಕ್ಕೆ 16 ಮಾರ್ಜಿನ್ ಕೊಟ್ಟರೆ ನಡುವೆ ಸಿಗುವುದು 40 ಅಲ್ಲ, ಬರೀ 24. ಅವರು ಬಿಟ್ಟಿದ್ದಾರಲ್ಲ, ನಾನ್ಯಾಕೆ ಬಿಡಲಿ ಅನ್ನುವ ನ್ಯಾಯ. (ಫ್ಲೆಕ್ಸ್ ಅಥವಾ ಗ್ರಿಡ್ ಅನ್ನುವ ಜೋಡಣೆಯೊಳಗೆ ಇಟ್ಟರೆ ಈ ಆಟ ನಡೆಯುವುದಿಲ್ಲ. ಅಲ್ಲಿ ಇಬ್ಬರೂ ಬಿಡಲೇಬೇಕು.)

ನಮ್ಮದು ದಿನಸಿಯನ್ನು ಮನೆಗೆ ಮುಟ್ಟಿಸುವ ಆ್ಯಪು. ಬ್ಯಾಗಿನ ಪುಟದಲ್ಲಿ ಎಡ ಅಂಚಿನಿಂದ 15 ಪಿಕ್ಸೆಲ್, ವಿಳಾಸದ ಪುಟದಲ್ಲಿ 16, ಹಣ ಕಟ್ಟುವ ಪುಟದಲ್ಲಿ 18. ಒಂದೊಂದನ್ನೇ ನೋಡಿದರೆ ಯಾವುದರಲ್ಲೂ ತಪ್ಪು ಕಾಣುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಮಾತ್ರ ತಲೆಬರಹ ಬಸ್ಸಿನಲ್ಲಿ ಸೀಟು ಮಾಡಿಕೊಡುವವರ ಹಾಗೆ ಮೆಲ್ಲಗೆ ಬಲಕ್ಕೆ ಸರಿಯುತ್ತದೆ. ಗಿರಾಕಿಗೆ ಏನೋ ಅಲುಗಾಡಿತು ಅಂತ ಅನಿಸುತ್ತದೆ, ಏನು ಅಂತ ತಿಳಿಯುವುದಿಲ್ಲ. ದುಡ್ಡು ಕಟ್ಟುವ ಹೊತ್ತಿನಲ್ಲಿ ಹಾಗೆ ಅನಿಸಬಾರದು.

ಹುಡುಗಿ ಸುಮ್ಮನೆ ಮಾತಾಡಿರಲಿಲ್ಲ, ಲೆಕ್ಕ ತೆಗೆದಿದ್ದಳು. ಒಂದೇ ಸಾಲಿನ ಕಮಾಂಡು:

```
grep -rhoE "(margin|padding)[a-z-]*: *[^;]+" src | grep -oE "[0-9.]+px" | sort | uniq -c | sort -rn
```

ಯಾವ ಅಳತೆ ಎಷ್ಟು ಸಲ ಬಂದಿದೆ ಅಂತ ಇದು ಪಟ್ಟಿ ಮಾಡಿಕೊಡುತ್ತದೆ. ಪಟ್ಟಿಯ ಮೇಲ್ತುದಿಯಲ್ಲಿ 16 ಮತ್ತು 8 ದರ್ಬಾರು ಮಾಡುತ್ತಿದ್ದವು. ನೋಡಬೇಕಾದದ್ದು ಬಾಲವನ್ನು. 7, 9, 11, 13, 17, 19, ಒಂದೊಂದೇ ಸಲ ಬಂದ ಅನಾಥರು. 13 ಎಲ್ಲಿಂದ ಬಂತು ಅಂತ ಹುಡುಕಿದಾಗ ನಾಲ್ಕು ವರ್ಷದ ಹಿಂದಿನ ಕಮಿಟ್, ಅಂದರೆ ಕೋಡು ಬದಲಿಸಿದ್ದರ ದಾಖಲೆ, ಸಿಕ್ಕಿತು. ವಿವರಣೆ: "ಈಗ ಸರಿಯಾಗಿದೆ." ಬರೆದವನು ನಾನೇ.

ಅವಳು ಕೇಳಿದ ಎಂಟು ಅಳತೆಯಲ್ಲಿ ಹೊಸತೇನೂ ಇಲ್ಲ. ನಮ್ಮಜ್ಜಿ ಅಕ್ಕಿ ಅಳೆಯುತ್ತಿದ್ದದ್ದೂ ಹೀಗೆಯೇ: ಚಟಾಕು, ಅರೆಪಾವು, ಪಾವು, ಅಚ್ಚೇರು, ಸೇರು. ಪ್ರತಿ ಮೆಟ್ಟಿಲೂ ಹಿಂದಿನದರ ದುಪ್ಪಟ್ಟು. ಚಟಾಕು 4 ಅಂತಿಟ್ಟುಕೊಂಡರೆ ಸೇರು ಸರಿಯಾಗಿ 64ಕ್ಕೆ ಬಂದು ನಿಲ್ಲುತ್ತದೆ. ನಡುವಿನ 12, 24, 48 ಅಂದರೆ ಒಂದೂವರೆಯ ಲೆಕ್ಕ, ಬೇಕಾದಾಗ ಕೈ ಧಾರಾಳ ಮಾಡುವುದಕ್ಕೆ. ಅಂಗಡಿಗೆ ಹೋಗಿ "ಹದಿಮೂರು ಚಮಚ ಅಕ್ಕಿ ಕೊಡಿ ಶೆಟ್ರೇ" ಅಂತ ಅಜ್ಜಿ ಯಾವತ್ತೂ ಕೇಳಿದವಳಲ್ಲ.

ಮೊದಲ ಉತ್ತರ ಮ್ಯಾನೇಜರದ್ದು: "ಒಳ್ಳೆ ಯೋಚನೆ! ಒಂದು ಕಾಲ್ ಇಟ್ಕೊಳ್ಳೋಣ." ಎರಡನೆಯದೂ ಅವರದೇ: "ಗೂಗಲ್‌ನವರು ಏನ್ಮಾಡ್ತಾರೆ?" 2014ರಲ್ಲಿ ಬಂದ ಮೆಟೀರಿಯಲ್ ಡಿಸೈನಿನಲ್ಲಿ ಎಲ್ಲವೂ 8ರ ಲೆಕ್ಕ, ಸಣ್ಣಪುಟ್ಟದಕ್ಕೆ 4 ಅಂತ ಹುಡುಗಿ ತಿಳಿಸಿದಳು. ವೆಬ್ ಪುಟ ಕಟ್ಟುವುದಕ್ಕೆ ಸಿದ್ಧ ಸಾಮಾನು ಕೊಡುವ ಬೂಟ್‌ಸ್ಟ್ರ್ಯಾಪಿನವರು 4, 8, 16, 24, 48 ಅಂತ ಐದೇ ಅಳತೆಯಲ್ಲಿ ಸಂಸಾರ ತೂಗಿಸುತ್ತಾರೆ ಅಂತಲೂ ಸೇರಿಸಿದಳು. "ಹಾಗಾದ್ರೆ ನಮಗೆ ಎಂಟು ಯಾಕೆ ಬೇಕು?" ಅಂತ ಒಬ್ಬರು ಕೇಳಿದರು. "ಎಂಟು ಹೇಗೆ ಸಾಲತ್ತೆ?" ಅಂತ ಇನ್ನೊಬ್ಬರು ಕೇಳಿದರು. ಇಬ್ಬರನ್ನೂ ಸೇರಿಸಿ ಉಪಸಮಿತಿ ಆಯಿತು.

ಉಪಸಮಿತಿಯ ಮೊದಲ ಮೂರು ಸಭೆ 10ಕ್ಕೇ ಹೋಯಿತು. ಡಿಸೈನರಿಗೆ 10 ಬೇಕೇ ಬೇಕು. 8 ಉಸಿರುಗಟ್ಟಿಸುತ್ತದಂತೆ, 12ರಲ್ಲಿ ಗಾಳಿಯಾಡುವುದು ಜಾಸ್ತಿಯಂತೆ. ಅವರ ಮ್ಯಾಕಿನಲ್ಲಿ ಎಲ್ಲವೂ ಎರಡು ಪಟ್ಟು, 10 ಅಂದರೆ ನಿಜವಾದ 20 ಚುಕ್ಕೆ, ಕಣ್ಣಿಗೆ ಹಬ್ಬ. ಹುಡುಗಿ ಎದ್ದುಹೋಗಿ ಅಕೌಂಟ್ಸ್ ವಿಭಾಗದಿಂದ ಒಂದು ವಿಂಡೋಸ್ ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದಳು. ಅದರ ಡಿಸ್‌ಪ್ಲೇ 125 ಪರ್ಸೆಂಟಿನಲ್ಲಿತ್ತು. ಅಲ್ಲಿ 10 ಅಂದರೆ ಹನ್ನೆರಡೂವರೆ ಚುಕ್ಕೆ. ಅರ್ಧ ಚುಕ್ಕೆ ಅನ್ನುವುದು ಜಗತ್ತಿನಲ್ಲಿ ಇಲ್ಲವಾದ್ದರಿಂದ ಬ್ರೌಸರು ಒಂದು ಕಡೆ 12, ಇನ್ನೊಂದು ಕಡೆ 13 ಮಾಡಿ ಕೈತೊಳೆದುಕೊಳ್ಳುತ್ತದೆ. ಸಾಲಾಗಿ ಜೋಡಿಸಿದ ಆರು ಕಾರ್ಡುಗಳ ನಡುವಿನ ಸಂದು ಒಂದು ಹಾಗೆ, ಒಂದು ಹೀಗೆ. 8 ಇದ್ದಿದ್ದರೆ ಸರಿಯಾಗಿ 10 ಆಗುತ್ತಿತ್ತು, 12 ಇದ್ದಿದ್ದರೆ 15. ನಾಲ್ಕರ ಮಗ್ಗಿಯಲ್ಲಿರುವ ಯಾವುದನ್ನೇ ಆಗಲಿ ಒಂದೂಕಾಲು, ಒಂದೂವರೆ, ಒಂದೂಮುಕ್ಕಾಲಿನಿಂದ ಗುಣಿಸಿ, ಚುಕ್ಕೆ ಒಡೆಯುವುದಿಲ್ಲ. ಎಲ್ಲರೂ ಬಗ್ಗಿ ನೋಡಿ ತಲೆದೂಗಿದರು. ಆಮೇಲೆ ಡಿಸೈನರು ಕೇಳಿದರು: "ಅಕೌಂಟ್ಸ್‌ನವರು ನಮ್ಮ ಗಿರಾಕಿಗಳಲ್ಲವಲ್ಲ?"

ಮುಂದಿನ ಸಭೆಯ ಜಗಳ ಇನ್ನೂ ಸೊಗಸು. ಡಿಸೈನರು ಸ್ಕ್ರೀನ್‌ಶಾಟಿನ ಮೇಲೆ ಅಳತೆಪಟ್ಟಿ ಇಟ್ಟು "ಇಲ್ಲಿ 20 ಇದೆ" ಅಂದರು. ಕೋಡ್ ಬರೆದವನು "ನಾನು ಕೊಟ್ಟಿದ್ದು 16, ಬೇಕಾದ್ರೆ ದೇವರಾಣೆ" ಅಂದ. ಸುಳ್ಳು ಹೇಳಿದವರು ಇಬ್ಬರಲ್ಲಿ ಒಬ್ಬರೂ ಅಲ್ಲ. ಅಕ್ಷರದ ಗಾತ್ರ 16, ಸಾಲಿನ ಎತ್ತರ 24. ಉಳಿದ 8 ಪಿಕ್ಸೆಲ್ಲು ಅಕ್ಷರದ ಮೇಲೆ ನಾಲ್ಕು, ಕೆಳಗೆ ನಾಲ್ಕು ಅಂತ ಹಂಚಿಹೋಗಿರುತ್ತದೆ. ಅದು ಪ್ಯಾಡಿಂಗಿನ ಖಾತೆಯಲ್ಲಿ ಎಲ್ಲೂ ಕಾಣದ ಬೇನಾಮಿ ಜಾಗ. ಅಳೆಯುವುದಿದ್ದರೆ ಅಕ್ಷರದಿಂದಲ್ಲ, ಸಾಲಿನ ಡಬ್ಬಿಯಿಂದ ಅಳೆಯಬೇಕು ಅಂತ ಮೊದಲೇ ಮಾತಾಡಿಕೊಂಡರೆ ಮುಗಿಯಿತು. ಮಾತಾಡಿಕೊಳ್ಳಲು ಒಂದು ವಾರ ಹಿಡಿಯಿತು. ಆ ವಾರದಲ್ಲಿ ಒಬ್ಬ ಮಹಾನುಭಾವ ಜಾಗ ಉಳಿಸಲು ಹೋಗಿ, ಪದಾರ್ಥದ ಹೆಸರಿನ ಡಬ್ಬಿಯ ಎತ್ತರ ಕಟ್ಟಿಹಾಕಿ ಹೊರಚೆಲ್ಲಿದ್ದನ್ನೆಲ್ಲ ಮುಚ್ಚಿಬಿಟ್ಟ. ಇಂಗ್ಲಿಷಿನಲ್ಲಿ ಎಲ್ಲ ಸರಿಯಿತ್ತು. ಕನ್ನಡದಲ್ಲಿ ಒತ್ತಕ್ಷರಗಳೆಲ್ಲ ಕತ್ತರಿಸಿಹೋಗಿ ಅಕ್ಕಿ "ಅಕಿ" ಆಯಿತು, ಉದ್ದಿನಬೇಳೆ "ಉದಿನಬೇಳೆ" ಆಯಿತು. ಎರಡು ದಿನ ನಾವು ಮಾರಿದ್ದು ಅದನ್ನೇ.

ನನ್ನ ಕೇಳಿದರೆ, ಇಷ್ಟು ಸಭೆಯಲ್ಲಿ ಚರ್ಚೆಗೆ ಲಾಯಕ್ಕಾದ ವಿಷಯ ಒಂದೇ ಇತ್ತು, ಅದಕ್ಕೆ ಸಿಕ್ಕಿದ್ದು ಐದು ನಿಮಿಷ. ಎಂಟು ಅಳತೆ ಒಪ್ಪಿಕೊಂಡ ಮಾತ್ರಕ್ಕೆ ಪುಟ ಓದಿಸಿಕೊಳ್ಳುವುದಿಲ್ಲ. ವಿಳಾಸದ ಪುಟವನ್ನೇ ತೆಗೆದುಕೊಳ್ಳಿ. "ಮೊಬೈಲ್ ನಂಬರ್" ಅಂತ ಒಂದು ಲೇಬಲ್ಲು, ಕೆಳಗೆ ಖಾಲಿ ಚೌಕ. ಆಮೇಲೆ "ಪಿನ್‌ಕೋಡ್", ಅದರ ಕೆಳಗೆ ಚೌಕ. ಲೇಬಲ್ಲಿನ ಮೇಲೂ 16, ಕೆಳಗೂ 16. ಪಟ್ಟಿಯಲ್ಲಿರುವ ಅಳತೆಯೇ, ಕೋಡಿನ ತಪ್ಪು ಹುಡುಕುವ ಯಾವ ಲಿಂಟರೂ ಬೈಯುವುದಿಲ್ಲ. ಆದರೆ ಲೇಬಲ್ಲು ಎರಡು ಚೌಕಗಳ ನಟ್ಟನಡುವೆ ತ್ರಿಶಂಕುವಿನ ಹಾಗೆ ನೇತಾಡುತ್ತದೆ. ನಮ್ಮಪ್ಪ ಪಿನ್‌ಕೋಡಿನ ಚೌಕದಲ್ಲಿ ಮೊಬೈಲ್ ನಂಬರು ಹಾಕಿ, "ನಿಮ್ಮ ಕಂಪ್ಯೂಟರಿಗೆ ನನ್ನ ನಂಬರ್ ಇಷ್ಟ ಆಗ್ತಿಲ್ಲ ಕಣೋ" ಅಂತ ಫೋನು ಮಾಡಿದರು. ಲೇಬಲ್ಲಿನ ಕೆಳಗೆ 4, ಮೇಲೆ 24 ಮಾಡಿದೆವು. ಯಾವ ಲೇಬಲ್ಲು ಯಾವ ಚೌಕದ್ದು ಅಂತ ಯಾರೂ ಹೇಳಿಕೊಡದೆ ತಿಳಿಯತೊಡಗಿತು. ಒಂದೇ ಕುಟುಂಬದವರ ನಡುವೆ ಕಡಿಮೆ ಜಾಗ, ಎರಡು ಕುಟುಂಬಗಳ ನಡುವೆ ಹೆಚ್ಚು. ಹುಡುಗಿ ಇದನ್ನೂ ಮೆಸೇಜಿಗೆ ಸೇರಿಸಬೇಕು ಅಂದಳು. "ಅದು ಮುಂದಿನ ತ್ರೈಮಾಸಿಕಕ್ಕೆ" ಅಂತ ತೀರ್ಮಾನವಾಯಿತು, ಯಾಕೆಂದರೆ ಹೆಸರಿಡುವ ಕಲಾಪ ಬಾಕಿ ಇತ್ತು.

ನಾಮಕರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಿಯ ಸೈಜಿನ ಹಾಗೆ ಸ್ಮಾಲು, ಮೀಡಿಯಮ್ಮು ಅಂದರು. ನಡುವೆ ಒಂದು ಬೇಕಾದಾಗ ಸ್ಮಾಲ್‌ಮೀಡಿಯಮ್ಮು ಹುಟ್ಟಿತು. `--space-16` ಅಂತ ಅಳತೆಯನ್ನೇ ಹೆಸರಾಗಿಸಿದರು. ನಾಳೆ ಅದನ್ನು 20 ಮಾಡಿದರೆ ಹೆಸರು ಹದಿನಾರು, ವಯಸ್ಸು ಇಪ್ಪತ್ತು. ಕೊನೆಗೆ ಬರೀ ಸರಣಿ ಸಂಖ್ಯೆಗೆ ಬಂದು ನಿಂತರು. ಆರನೇ ವಾರದ ಶುಕ್ರವಾರ ಸಂಜೆ ಎಲ್ಲರ ಒಪ್ಪಿಗೆ ಪಡೆದ ಫೈಲು ಹೀಗಿತ್ತು:

```
:root {
  --space-1: 4px;
  --space-2: 8px;
  --space-2-design: 10px;
  --space-3: 12px;
  --space-3-temp: 13px;
  --space-4: 16px;
  --space-4-payment: 18px;
  /* ಇನ್ನೂ ಹದಿನಾಲ್ಕು ಸಾಲು */
}
```

ಹಣ ಕಟ್ಟುವ ಪುಟದ 18 ಹಾಗೇ ಉಳಿಯಿತು, ಆ ಪುಟ ಬೇರೆ ಟೀಮಿನದಂತೆ. 13 ಉಳಿದದ್ದು ನನ್ನ ಮೇಲಿನ ಗೌರವಕ್ಕೆ. ಎಂಟು ಅಳತೆ ಇಪ್ಪತ್ತೊಂದಾಗಿತ್ತು. ಮ್ಯಾನೇಜರು "ಈಗ ಎಲ್ಲವೂ ಸ್ಟ್ಯಾಂಡರ್ಡ್ ಆಯ್ತು" ಅಂತ ಕೇಕು ತರಿಸಿದರು. ಕೇಕನ್ನು ಮಾತ್ರ ಹುಡುಗಿಯೇ ಕತ್ತರಿಸಿದಳು, ಎಲ್ಲ ತುಂಡೂ ಸಮ.

ಅವಳು ಆಮೇಲೆ ಯಾರನ್ನೂ ಕೇಳಲಿಲ್ಲ. ಕೈಗೆ ಬಂದ ಫೈಲಿನಲ್ಲೆಲ್ಲ ತನ್ನ ಎಂಟನ್ನೇ ಹಾಕುತ್ತಾ ಹೋದಳು. ಮೊನ್ನೆ ಅದೇ ಕಮಾಂಡು ಓಡಿಸಿ ನೋಡಿದೆ, ಪಟ್ಟಿಯ ಬಾಲ ಮುಕ್ಕಾಲು ಪಾಲು ಉದುರಿಹೋಗಿದೆ. ನನ್ನ 13 ಕೂಡ. ಯಾವ ಸಭೆಯಲ್ಲೂ ಇದು ಚರ್ಚೆಗೆ ಬಂದಿಲ್ಲ.

ಅವಳ ಮೆಸೇಜು ಗ್ರೂಪಿನ ತಲೆಗೆ ಪಿನ್ ಆಗಿ ಈಗಲೂ ಕೂತಿದೆ. ಅದರ ಕೆಳಗೆ ನಿನ್ನೆ ರಾತ್ರಿ ಹೊಸದಾಗಿ ಸೇರಿದ ಹುಡುಗನೊಬ್ಬ ಬರೆದಿದ್ದಾನೆ: "ಮೇಡಂ, ಇದು ಇನ್ನೂ ಚಾಲ್ತಿಯಲ್ಲಿದೆಯಾ? ನಂಗೊಂದು 14 ಬೇಕಿತ್ತು." ಅದಕ್ಕೆ ಮ್ಯಾನೇಜರು ಹೆಬ್ಬೆರಳು ಎತ್ತಿ, ಗುರುವಾರ ಮೂರು ಗಂಟೆಗೆ ಕಾಲ್ ಇಟ್ಟಿದ್ದಾರೆ.