ಮೊಹರಿಲ್ಲದ ಬೋನಫೈಡ್

ನಮ್ಮೂರ ಕಾಲೇಜಿನಲ್ಲಿ ಬೋನಫೈಡ್ ಬೇಕೆಂದರೆ ಕೌಂಟರಿಗೆ ಒಂದು ಅರ್ಜಿ ಕೊಟ್ಟರಾಯಿತು. ಲೆಟರ್‌ಹೆಡ್ಡಿನ ಮೇಲೆ ಪ್ರಿನ್ಸಿಪಾಲರ ಸಹಿ, ದುಂಡು ಮೊಹರು ಬಿತ್ತೆಂದರೆ ಪಾಸ್‌ಪೋರ್ಟಿಗೂ ಅದೇ, ಬ್ಯಾಂಕ್ ಸಾಲಕ್ಕೂ ಅದೇ. ಬ್ರಿಟನ್ನಿಗೆ ಓದಲು ಹೊರಟ ನಮ್ಮ ಹುಡುಗರು ಅದೇ ರೂಢಿಯಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳಿಗೂ ‘ಸೀಲ್ ಹಾಕಿದ ಅಡ್ಮಿಷನ್ ಲೆಟರ್ ಕೊಡಿ’ ಎಂದು ಬರೆಯುತ್ತಾರೆ. ಅದರಿಂದ ವೀಸಾ ಸಿಗುವುದಿಲ್ಲ. ಅನ್‌ಕಂಡೀಷನಲ್ ಆಫರ್ ಲೆಟರ್ ಒಂದರಿಂದಲೂ ಸಿಗುವುದಿಲ್ಲ.

ಬೇಕಾದ್ದು ಕ್ಯಾಸ್, ಅಂದರೆ ‘ಕನ್ಫರ್ಮೇಷನ್ ಆಫ್ ಅಕ್ಸೆಪ್ಟೆನ್ಸ್ ಫಾರ್ ಸ್ಟಡೀಸ್’, ಓದಲು ಸೇರಿಸಿಕೊಂಡಿದ್ದೇವೆಂಬ ದೃಢೀಕರಣ. ಅದು ಕಾಗದವಲ್ಲ, ವಿಶ್ವವಿದ್ಯಾಲಯವು ವೀಸಾ ನೋಡಿಕೊಳ್ಳುವ ಬ್ರಿಟನ್ನಿನ ಗೃಹ ಇಲಾಖೆ ಹೋಂ ಆಫೀಸಿನ ಕಂಪ್ಯೂಟರಿನಲ್ಲಿ ತುಂಬುವ ದಾಖಲೆ. ಅದರ ಸಂಖ್ಯೆಯನ್ನು ನೀವು ವೀಸಾ ಅರ್ಜಿಯಲ್ಲಿ ಬರೆಯುತ್ತೀರಿ. ನಿಮಗೆ ಇಮೇಲಿನಲ್ಲಿ ಬರುವ ಪಿಡಿಎಫ್ ಬರೀ ಪ್ರತಿ. ಅಧಿಕಾರಿ ತೆರೆಯುವುದು ದಾಖಲೆಯನ್ನು. ಕೊಟ್ಟ ಆರು ತಿಂಗಳೊಳಗೆ ಬಳಸಬೇಕು, ಅದೂ ಒಂದೇ ಅರ್ಜಿಗೆ.

ಎಡವುವುದು ಹೆಚ್ಚಾಗಿ ಕ್ಯಾಸ್‌ನಲ್ಲಿ ಕಟ್ಟಿದ ಫೀಸು ತೋರಿಸುವ ಸಾಲಿನಲ್ಲಿ. ಲಂಡನ್ನಿನಾಚೆಯ ಊರೊಂದರಲ್ಲಿ ಒಂದು ವರ್ಷದ ಎಂಎಸ್ಸಿ, ಫೀಸು 20,000 ಪೌಂಡ್ ಎನ್ನಿ. ಎರಡು ಕಂತಿನಲ್ಲಿ 8,000 ಕಟ್ಟಿಯಾಗಿದೆ. ಉಳಿದದ್ದು 12,000. ಜೀವನವೆಚ್ಚಕ್ಕೆ 2025ರ ನವೆಂಬರ್‌ನಿಂದ ಇರುವ ದರ ತಿಂಗಳಿಗೆ 1,171, ಒಂಬತ್ತು ತಿಂಗಳಿಗೆ 10,539. ಒಟ್ಟು 22,539 ಬ್ಯಾಂಕ್ ಖಾತೆಯಲ್ಲಿದೆಯೆಂದು ವೀಸಾಕ್ಕೆ ತೋರಿಸಬೇಕು. ಅಪ್ಪನ ಖಾತೆಯಲ್ಲಿ 23,000 ಇದೆ, ನಿಶ್ಚಿಂತೆ. ಆದರೆ ಎರಡನೇ ಕಂತು ಜಮೆಯಾಗುವ ಮೊದಲೇ ಕ್ಯಾಸ್ ತಯಾರಾಗಿ, ಅದರಲ್ಲಿ 4,000 ಮಾತ್ರ ದಾಖಲಾಗಿದ್ದರೆ? ಬೇಕಾದ ಮೊತ್ತ 26,539ಕ್ಕೆ ಏರುತ್ತದೆ, 3,539 ಕಡಿಮೆ ಬೀಳುತ್ತದೆ. ನಮ್ಮ ಬ್ಯಾಂಕಿನವರು ಕೊಟ್ಟ ವರ್ಗಾವಣೆಯ ಚೀಟಿ ಇದಕ್ಕೆ ಆಗುವುದಿಲ್ಲ. ದುಡ್ಡು ಮುಟ್ಟಿತೆಂದು ವಿಶ್ವವಿದ್ಯಾಲಯವೇ ಕ್ಯಾಸ್‌ನಲ್ಲೋ ತನ್ನ ರಸೀದಿಯಲ್ಲೋ ಹೇಳಬೇಕು. ಕೊರತೆಯನ್ನು ಕೈಸಾಲದಿಂದ ತುಂಬುತ್ತೇವೆಂದರೆ, ಪೂರ್ತಿ ಮೊತ್ತ ಖಾತೆಯಲ್ಲಿ 28 ದಿನ ಕದಲದೆ ಕೂರಬೇಕು. ಎಣಿಕೆ ಮತ್ತೆ ಒಂದರಿಂದ.

ಹಾಗಾಗಿ ವಿಶ್ವವಿದ್ಯಾಲಯ ಕ್ಯಾಸ್‌ಗೆ ಮೊದಲು ವಿವರಗಳನ್ನು ಪರಿಶೀಲಿಸಲು ಕಳಿಸಿದರೆ ‘ಎಲ್ಲ ಸರಿ’ ಒತ್ತಿ ಕಳಿಸಿಬಿಡಬೇಡಿ. ಫೀಸಿನ ಜೊತೆಗೆ ಹೆಸರು ನೋಡಿ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತಾರ, ಇದು ನಮ್ಮವರ ಹಳೆಯ ಪಾಡು; ಕ್ಯಾಸ್‌ನಲ್ಲಿ ಇರಬೇಕಾದ್ದು ಪಾಸ್‌ಪೋರ್ಟಿನ ಹೆಸರು. ಅಷ್ಟರಲ್ಲಿ ಪಾಸ್‌ಪೋರ್ಟ್ ನವೀಕರಿಸಿದ್ದರೆ ಹೊಸ ಸಂಖ್ಯೆಯನ್ನೂ ತಿಳಿಸಿ.

ಕ್ಯಾಸ್ ಬಂದ ಮೇಲೆ ತಪ್ಪು ಕಂಡರೆ ವಿಶ್ವವಿದ್ಯಾಲಯ ಅದೇ ದಾಖಲೆಗೆ ‘ಸ್ಪಾನ್ಸರ್ ನೋಟ್’ ಎಂಬ ತಿದ್ದುಪಡಿಯ ಟಿಪ್ಪಣಿ ಸೇರಿಸಬಹುದು. ಈ ವಿಷಯದಲ್ಲಿ ಮಾತ್ರ ನನ್ನ ಓಟು ನಮ್ಮ ಗುಮಾಸ್ತರಿಗೇ: ತಪ್ಪನ್ನು ಹೊಡೆದುಹಾಕಿ, ಪಕ್ಕದಲ್ಲಿ ಸರಿ ಬರೆದು, ಚಿಕ್ಕ ಸಹಿ ಗೀಚಿ ಐದು ನಿಮಿಷದಲ್ಲಿ ಕಳಿಸುತ್ತಾರೆ. ಬ್ರಿಟನ್ನಿನವರಿಗಾದರೆ ಇಮೇಲ್ ಬರೆದು, ಸರದಿ ಬರುವವರೆಗೆ ಕಾಯಬೇಕು. ಕಾಯಿರಿ. ನೋಟ್ ಸೇರಿತೆಂದು ಅವರಿಂದ ಲಿಖಿತ ಉತ್ತರ ಬಂದ ಮೇಲಷ್ಟೇ ಅರ್ಜಿಯ ದುಡ್ಡು ಕಟ್ಟಿ.