ಕೆಲಸದಲ್ಲಿದ್ದವರಿಗೆ ಎಂಬಿಎ: ಆನ್‌ಲೈನಾ, ಕಾಲೇಜಾ?

ಪರ: ಶಿರಸಿ ಬಿಡದೆ ಓದಿದ್ದೇ ಸರಿಯಾಯಿತು

ಓದಲು ಹೊರಟಾಗ ನನಗೆ ಮೂವತ್ತಾರು ವರ್ಷ. ಶಿರಸಿಯ ಒಂದು ಅಡಿಕೆ ಸೊಸೈಟಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಮನೆಯಲ್ಲಿ ಎರಡನೇ ಕ್ಲಾಸಿನ ಮಗಳು, ಹಳ್ಳಿಯಲ್ಲಿ ಅಪ್ಪ ನೋಡಿಕೊಳ್ಳುವ ತೋಟ. ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕಬೇಕೆಂದರೆ ಎಂಬಿಎ ಇರಬೇಕಿತ್ತು.

ಮೊದಲು ಹುಬ್ಬಳ್ಳಿಗೆ ಹೋಗಿ ಓದುವ ಲೆಕ್ಕ ಹಾಕಿದೆ. ನನ್ನ ಸಂಬಳ ತಿಂಗಳಿಗೆ 30,000. ಎರಡು ವರ್ಷ ಬಿಟ್ಟರೆ 7,20,000 ಹೋಯಿತು. ರೂಮು, ಮೆಸ್ಸು ತಿಂಗಳಿಗೆ 8,000 ಅಂದರೂ 1,92,000. ಕಾಲೇಜಿನ ಫೀ ಕಟ್ಟುವ ಮೊದಲೇ ಒಂಬತ್ತು ಲಕ್ಷ ದಾಟಿತು. ಆನ್‌ಲೈನ್ ಕೋರ್ಸಿಗೆ ನಾನು ನಾಲ್ಕು ಕಂತಿನಲ್ಲಿ ಕಟ್ಟಿದ್ದು 1,60,000. ಸಂಬಳ ನಿಲ್ಲಲಿಲ್ಲ.

ಪದವಿಗೆ ಬೆಲೆ ಇದೆಯಾ ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಯುಜಿಸಿ ಮಾನ್ಯತೆ ಇರುವ ಆನ್‌ಲೈನ್ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ. 2020ರ ನಿಯಮದಲ್ಲೇ ಇದು ಇದೆ, 2022ರಲ್ಲಿ ಯುಜಿಸಿ ಮತ್ತೆ ಸ್ಪಷ್ಟವಾಗಿ ಹೇಳಿತು. ಆದರೆ ವಿಶ್ವವಿದ್ಯಾಲಯದ ಹೆಸರು ದೊಡ್ಡದಿದ್ದರೆ ಸಾಲದು. ಯುಜಿಸಿಯ ದೂರ ಶಿಕ್ಷಣ ವಿಭಾಗವಾದ ಡಿಇಬಿಯ deb.ugc.ac.in ತೆರೆದು ಮೂರು ವಿಷಯ ನೋಡಬೇಕು: ವಿಶ್ವವಿದ್ಯಾಲಯದ ಹೆಸರು, ಎಂಬಿಎ ಅನ್ನುವ ಆ ಕೋರ್ಸು, ನೀವು ಸೇರುವ ಅವಧಿ. ಅವಧಿ ಯಾಕೆ ಅಂದರೆ, ಮೈಸೂರಿನ ನಮ್ಮ ಮುಕ್ತ ವಿಶ್ವವಿದ್ಯಾಲಯಕ್ಕೇ 2013-14ರಿಂದ ಕೆಲವು ವರ್ಷ ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಬಂತು. ನಡುವಿನ ವಿದ್ಯಾರ್ಥಿಗಳು ಪಟ್ಟ ಪಾಡು ನಮ್ಮ ಜಿಲ್ಲೆಯಲ್ಲೂ ಎಷ್ಟೋ ಮನೆಗಳಿಗೆ ಗೊತ್ತು. ಇನ್ನೊಂದು ಮಾತು. ಪೇಟೆಯಲ್ಲಿ ಬೋರ್ಡು ಹಾಕಿಕೊಂಡ 'ಸೆಂಟರ್' ಮೂಲಕ ಸೇರಬೇಡಿ. ಫೀ ನೇರವಾಗಿ ವಿಶ್ವವಿದ್ಯಾಲಯದ ಖಾತೆಗೇ ಹೋಗಬೇಕು. ಈಗ ಸೇರುವವರು ತಾವೇ ಡಿಇಬಿ ಐಡಿ ಮಾಡಿಕೊಳ್ಳಬೇಕು, ಅದನ್ನೂ ಬೇರೆಯವರ ಕೈಗೆ ಕೊಡಬೇಡಿ.

ಇನ್ನು ಕಲಿತದ್ದು. ಒಂದು ರಾತ್ರಿ ದುಡಿಯುವ ಬಂಡವಾಳದ ಪಾಠ ನಡೆಯುತ್ತಿತ್ತು. ಸಾಲಕ್ಕೆ ಮಾರಿದ ಹಣ ಎಷ್ಟು ದಿನಕ್ಕೆ ವಾಪಸ್ ಬರುತ್ತದೆ ಎಂದು ಎಣಿಸುವುದು ಹೇಗೆ ಅಂತ ಹೇಳಿಕೊಟ್ಟರು. ನನಗೆ ತಟ್ಟನೆ ನಮ್ಮ ಟೆಂಡರ್ ನೆನಪಾಯಿತು. ರೈತ ರಾಶಿಯೋ ಚಾಲಿಯೋ ಅಡಿಕೆ ತಂದು ಹಾಕುತ್ತಾನೆ, ವ್ಯಾಪಾರಿ ದರ ಬರೆಯುತ್ತಾನೆ. ರೈತನಿಗೆ ಸೊಸೈಟಿ ಕೂಡಲೇ ದುಡ್ಡು ಕೊಡುತ್ತದೆ, ವ್ಯಾಪಾರಿ ಕೊಡುವುದು ಆಮೇಲೆ. ದಿನಕ್ಕೆ ಸರಾಸರಿ 40 ಲಕ್ಷದ ಅಡಿಕೆ ಹೋಗುತ್ತದೆ, ಹಣ ಬರಲು 12 ದಿನ ಅಂತ ಇಟ್ಟುಕೊಳ್ಳಿ. ಯಾವ ಹೊತ್ತಿಗೂ 4.8 ಕೋಟಿ ಹೊರಗಿರುತ್ತದೆ. ಅದು 9 ದಿನಕ್ಕೆ ಇಳಿದರೆ ಹೊರಗಿರುವುದು 3.6 ಕೋಟಿ. ಉಳಿದ 1.2 ಕೋಟಿಗೆ ಶೇಕಡಾ 9ರ ಬಡ್ಡಿ ಹಿಡಿದರೂ ವರ್ಷಕ್ಕೆ 10.8 ಲಕ್ಷ.

ಮರುದಿನ ಬೆಳಿಗ್ಗೆ ನಿಜವಾದ ಪಟ್ಟಿ ತೆಗೆದೆ. ವ್ಯಾಪಾರಿಗಳನ್ನು ಬಾಕಿ ಮೊತ್ತದ ಬದಲು ದಿನದ ಲೆಕ್ಕದಲ್ಲಿ ಜೋಡಿಸಿದೆ. ತಡದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಮೂರೇ ಜನರದ್ದು! ವರ್ಷಗಟ್ಟಲೆ ಅದೇ ಪಟ್ಟಿ ನೋಡಿದ್ದೆ, ಕಂಡಿರಲಿಲ್ಲ. ಕೆಲಸ ಬಿಟ್ಟು ಹೋಗಿದ್ದರೆ ಈ ಪಾಠ ಬರೀ ನೋಟ್ಸ್ ಆಗಿರುತ್ತಿತ್ತು.

ಕಷ್ಟವೂ ಇತ್ತು. ಒಟ್ಟು ಅಂಕದಲ್ಲಿ ಕನಿಷ್ಠ ಶೇಕಡಾ 70 ಸೆಮಿಸ್ಟರ್ ಕೊನೆಯ ಪರೀಕ್ಷೆಗೇ. ಕ್ಯಾಮೆರಾ ಎದುರು ಕೂತು ಬರೆಯಬೇಕು. ಜುಲೈ ಮಳೆಯಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಹೋಗಿ ನನ್ನ ಒಂದು ಪೇಪರ್ ಅರ್ಧಕ್ಕೇ ನಿಂತಿತು, ಮುಂದಿನ ಸಲ ಬರೆದೆ. ಆಮೇಲೆ ಇನ್ವರ್ಟರ್, ಬೇರೆ ಬೇರೆ ಕಂಪನಿಯ ಎರಡು ಸಿಮ್ ಇಟ್ಟುಕೊಂಡೆ. ಮಲೆನಾಡಿನವರು ಇದನ್ನೂ ಫೀ ಜೊತೆ ಲೆಕ್ಕಕ್ಕೆ ಹಿಡಿಯಲೇಬೇಕು.

ವಿರೋಧ: ಎದುರಿಗೆ ಕೂತು ತಪ್ಪು ಹೇಳುವವರು ಬೇಕು

ಶಿರಸಿಯ ಅಣ್ಣ ಬರೆದ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅವರು ಇದ್ದ ಕಡೆಯೇ ಮೇಲೇರಲು ಓದಿದವರು. ನನಗೆ ಕೆಲಸವನ್ನೇ ಬದಲಿಸಬೇಕಿತ್ತು.

ಕಾರವಾರದ ಒಂದು ಐಸ್ ಪ್ಲಾಂಟಿನಲ್ಲಿ ಎಂಟು ವರ್ಷ ಲೆಕ್ಕ ಬರೆದವಳು ನಾನು. ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು, ಸಾಲ ಮಾಡಿ, ಮೂವತ್ತೆರಡನೇ ವಯಸ್ಸಿನಲ್ಲಿ ಹುಬ್ಬಳ್ಳಿಯ ಕಾಲೇಜು ಸೇರಿದೆ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಹಾಗಾಗಿ ಕೆಲಸದ ಜೊತೆ ಓದುವ ಮಾತೇ ಇರಲಿಲ್ಲ. ನಮ್ಮ ಆಯಿ ಮಗನನ್ನು ನೋಡಿಕೊಂಡರು, ಇಲ್ಲದಿದ್ದರೆ ಆಗುತ್ತಿರಲಿಲ್ಲ. ಆ ಅನುಕೂಲ ಎಲ್ಲರಿಗೂ ಇರುವುದಿಲ್ಲ ಅಂತ ನನಗೆ ಗೊತ್ತು.

ಒಂದು ಕ್ಲಾಸಿನ ಕಥೆ ಹೇಳುತ್ತೇನೆ. ನಿಮ್ಮ ನಿಮ್ಮ ಕೆಲಸದಿಂದ ಒಂದು ಸಮಸ್ಯೆ ತನ್ನಿ ಎಂದರು ಸರ್. ನಾನು ಜೂನ್-ಜುಲೈ ತಂದೆ. ಆ 61 ದಿನ ಯಾಂತ್ರಿಕ ದೋಣಿಗಳಲ್ಲಿ ಮೀನು ಹಿಡಿಯಲು ನಿಷೇಧ, ಐಸ್ ಕೇಳುವವರು ಕಡಿಮೆ. ಬೋರ್ಡಿನ ಮೇಲೆ ಸುಲಭದ ಅಂಕಿ ಬರೆದೆ. ಒಂದು ಬ್ಲಾಕಿಗೆ ಕರೆಂಟು, ನೀರು, ಕೂಲಿ ಸೇರಿ 60 ರೂಪಾಯಿ. ಬಾಡಿಗೆ, ಕಾಯಂ ಸಂಬಳ, ಸಾಲದ ಕಂತು ತಿಂಗಳಿಗೆ 3 ಲಕ್ಷ. ಸೀಸನ್ನಿನಲ್ಲಿ 10,000 ಬ್ಲಾಕ್ ಹೋದರೆ ಒಂದಕ್ಕೆ 90 ಬೀಳುತ್ತದೆ, 100ಕ್ಕೆ ಮಾರುತ್ತೇವೆ. ನಿಷೇಧದ ತಿಂಗಳಲ್ಲಿ ಹೋಗುವುದು 1,500. ಆಗ ಒಂದಕ್ಕೆ 260 ಬಿತ್ತು. ಅದನ್ನು 100ಕ್ಕೆ ಮಾರುವುದು ನಷ್ಟ, ಪ್ಲಾಂಟ್ ಮುಚ್ಚಬೇಕು ಎಂದೆ. ಎಂಟು ವರ್ಷದ ಅನುಭವ ನನ್ನ ಬೆನ್ನಿಗಿತ್ತು.

ಹಿಂದಿನ ಬೆಂಚಿನ ಇಪ್ಪತ್ತೆರಡರ ಹುಡುಗ ಕೇಳಿದ, 'ಅಕ್ಕಾ, ಮುಚ್ಚಿದರೆ ಆ 3 ಲಕ್ಷ ಉಳಿಯುತ್ತದಾ?'

ಉಳಿಯುವುದಿಲ್ಲ. ಮುಚ್ಚಿದರೆ ನಷ್ಟ ಪೂರ್ತಿ 3 ಲಕ್ಷ. ನಡೆಸಿದರೆ ಬ್ಲಾಕಿಗೆ 40 ರೂಪಾಯಿಯಂತೆ 60,000 ಕೈಗೆ ಬಂದು ನಷ್ಟ 2,40,000ಕ್ಕೆ ಇಳಿಯುತ್ತದೆ. ನಾನು ಸುಮ್ನೆ ಒಪ್ಪಲಿಲ್ಲ. ಸಂಬಳದವರಿಗೆ ರಜೆ ಕೊಡಬಹುದು ಎಂದೆ. ಆಗಸ್ಟ್ ಒಂದನೇ ತಾರೀಕಿಗೆ ಅವರು ವಾಪಸ್ ಬರುತ್ತಾರಾ ಎಂದು ಇನ್ನೊಬ್ಬಳು ಕೇಳಿದಳು. ಒಂದು ಗಂಟೆ ವಾದ ನಡೆಯಿತು. ನನ್ನ ತಪ್ಪು ಕೂಡಿಸು-ಕಳೆಯುವುದರಲ್ಲಿ ಇರಲಿಲ್ಲ. ಏನು ಮಾಡಿದರೂ ಹೋಗುವ ಖರ್ಚನ್ನು ನಾನು ಪ್ರತಿ ಬ್ಲಾಕಿನ ತಲೆಗೆ ಕಟ್ಟುತ್ತಿದ್ದೆ. ಅದೇ ಪ್ರಶ್ನೆ ಆನ್‌ಲೈನ್ ಕ್ವಿಜ್‌ನಲ್ಲಿ ಬಂದಿದ್ದರೆ ತಪ್ಪು ಎಂದು ತೋರಿಸುತ್ತಿತ್ತು, ನಾನು ಸರಿ ಉತ್ತರ ನೋಡಿ ಮುಂದಕ್ಕೆ ಹೋಗುತ್ತಿದ್ದೆ. ಯಾಕೆ ಹಾಗೆ ಯೋಚಿಸುತ್ತೇನೆ ಅಂತ ಯಾರೂ ಕೆದಕುತ್ತಿರಲಿಲ್ಲ.

ಆನ್‌ಲೈನ್‌ನಲ್ಲೂ ಚರ್ಚೆಗೆ ಜಾಗ ಇದೆ, ಇರಲೇಬೇಕು ಅನ್ನುವ ನಿಯಮವೂ ಇದೆ. ಆದರೆ ದಿನವಿಡೀ ದುಡಿದವರು ರಾತ್ರಿ ಹತ್ತಕ್ಕೆ ಅಲ್ಲಿ ಬರೆಯುವುದು ಎರಡು ಸಾಲು. ನನ್ನ ಗೆಳತಿಯ ಬ್ಯಾಚಿನಲ್ಲಿ ಅಸೈನ್‌ಮೆಂಟ್ ಉತ್ತರಗಳು ವಾಟ್ಸಾಪ್ ಗುಂಪಿನಲ್ಲೇ ಓಡಾಡುತ್ತಿದ್ದವು. ಅವಳಿಗೆ ಅಂಕ ಬಂತು, ಪದವಿಯೂ ಬಂತು. ವ್ಯಾಪಾರದ ಒಂದು ಸಮಸ್ಯೆ ಕೊಟ್ಟು ಮಾತಾಡಿ ಅಂದರೆ ಈಗಲೂ ಹಿಂಜರಿಯುತ್ತಾಳೆ. ಅವಳು ಬುದ್ಧಿವಂತೆ, ಅದಕ್ಕೇ ನನಗೆ ಬೇಜಾರು.

ಕಾನೂನಿನಲ್ಲಿ ಎರಡೂ ಪದವಿ ಸಮ, ಒಪ್ಪಿದೆ. ಅರ್ಜಿ ತಿರಸ್ಕರಿಸದಂತೆ ಅದು ಕಾಯುತ್ತದೆ, ಕೆಲಸ ಕೊಡಿಸುವುದಿಲ್ಲ. ಬೇರೆ ಕ್ಷೇತ್ರಕ್ಕೆ ಹೋಗುವವರಿಗೆ ಒಳಗೆ ಬಿಡುವ ಬಾಗಿಲು ಬೇಕು. ನನಗೆ ಅದು ಸಿಕ್ಕಿದ್ದು ಕಾಲೇಜಿನ ಇಂಟರ್ನ್‌ಶಿಪ್‌ನಲ್ಲಿ. ಹುಬ್ಬಳ್ಳಿಯ ಒಂದು ಆಹಾರ ಕಂಪನಿಯ ಕೋಲ್ಡ್ ಸ್ಟೋರೇಜಿನಲ್ಲಿ ಆರು ವಾರ ಇದ್ದೆ. ಮಾವಿನ ಸೀಸನ್ ಮುಗಿದ ಮೇಲೆ ಖಾಲಿ ಬೀಳುವ ಕೋಣೆಗಳನ್ನು ಯಾವ ದರಕ್ಕೆ ಬಾಡಿಗೆಗೆ ಕೊಡಬೇಕು ಅನ್ನುವುದು ಅವರ ಚಿಂತೆ. ನಾನು ಹಾಳೆ ತೆಗೆದು ಐಸ್ ಬ್ಲಾಕಿನ ಲೆಕ್ಕವನ್ನೇ ಮತ್ತೆ ಹಾಕಿದೆ. ಈಗ ಅಲ್ಲೇ ಕೆಲಸ ಮಾಡುತ್ತಿದ್ದೇನೆ.